ಹೊಲಿಗೆ ಇದ್ದರೆ ಅಸಲಿಯೇ? ಮೂರು ಅರ್ಜೆಂಟೀನಾ ಜೆರ್ಸಿಗಳ ಹೋಲಿಕೆ

ಬಳಸಿದ ಜೆರ್ಸಿ ಮಾರುವವರು ಮೊಬೈಲಿಗೆ ಫೋಟೊ ಕಳಿಸಿ, "ಲಾಂಛನಕ್ಕೆ ಹೊಲಿಗೆ ಇದೆ ನೋಡಿ ಸರ್, ಅಪ್ಪಟ ಅಸಲಿ" ಎನ್ನುತ್ತಾರೆ. ಆ ಮಾತನ್ನು ಪರೀಕ್ಷಿಸಲು ಅಡಿಡಾಸ್‌ನ 2022ರ ಅರ್ಜೆಂಟೀನಾ ಜೆರ್ಸಿಗಳನ್ನು ಜಯನಗರದ ನಮ್ಮ ಮನೆಯ ಕಿಟಕಿಯ ಬಳಿ ಹರಡಿ ಫೋಟೊ ತೆಗೆದೆ. ನನ್ನದು ಆಟಗಾರರು ತೊಡುವಂಥ ಅಥೆಂಟಿಕ್, ತಮ್ಮನದು ಕಂಪನಿಯೇ ಅಭಿಮಾನಿಗಳಿಗಾಗಿ ಮಾಡುವ ರೆಪ್ಲಿಕಾ, ಮೂರನೆಯದು ಮೆಜೆಸ್ಟಿಕ್ ಬಳಿಯ ಫುಟ್‌ಪಾತಿನ ನಕಲಿ.

ಅಥೆಂಟಿಕ್‌ನ ಲಾಂಛನಕ್ಕೆ ಒಂದು ಎಳೆ ಹೊಲಿಗೆಯೂ ಇಲ್ಲ. ತೂಕ ಕಡಿಮೆಯಾಗಲಿ, ಎದೆಗೆ ಉಜ್ಜದಿರಲಿ ಎಂದು ಅದನ್ನು ಶಾಖದಿಂದ ಅಂಟಿಸಿರುತ್ತಾರೆ. ಅಂಚಿಗೆ ಹೊಲಿಗೆ ಹಾಕಿದ ಲಾಂಛನವಿರುವುದು ರೆಪ್ಲಿಕಾದಲ್ಲಿ. ನಕಲಿಯಲ್ಲಿಯೂ ಹೊಲಿಗೆ ಇದೆ! ವ್ಯತ್ಯಾಸ ಕಾಣಬೇಕಾದರೆ ಅಂಗಿಯ ಒಳಮೈಯನ್ನು ಹೊರಗೆ ಮಾಡಿ ಲಾಂಛನದ ಹಿಂಬದಿಯ ಫೋಟೊ ಕೇಳಬೇಕು. ತಮ್ಮನದರಲ್ಲಿ ಹೊಲಿಗೆಗಳು ಸಮ ಅಂತರದಲ್ಲಿವೆ, ದಾರದ ತುದಿಗಳು ಅಡಗಿವೆ. ಫುಟ್‌ಪಾತಿನದರಲ್ಲಿ ಒಂದು ಅಕ್ಷರದಿಂದ ಇನ್ನೊಂದಕ್ಕೆ ದಾರ ಹಾಗೆಯೇ ಹಾರಿದೆ. ಕಸೂತಿಗೆ ಆಧಾರವಾಗಿ ಇಟ್ಟಿದ್ದ ಬಿಳಿ ಕಾಗದದಂಥ ಪದರದ ಚೂರುಗಳು ಅಂಚಿನಲ್ಲಿ ಉಳಿದಿವೆ.

ಬಟ್ಟೆಯನ್ನು ಬೆಳಕಿಗೆ ಹಿಡಿದು ಫೋಟೊ ತೆಗೆಯಿಸಿ. ಅಥೆಂಟಿಕ್‌ನಲ್ಲಿ ಹೆಣಿಗೆ ಎಲ್ಲ ಕಡೆ ಒಂದೇ ರೀತಿ ಇರುವುದಿಲ್ಲ. ಬೆವರುವ ಜಾಗಗಳಲ್ಲಿ ರಂಧ್ರಗಳು ತೆರೆದುಕೊಳ್ಳುತ್ತವೆ. ರೆಪ್ಲಿಕಾ ಹೆಚ್ಚು ಏಕರೂಪ. ನಕಲಿಯಲ್ಲಿ ನನಗೆ ಮೊದಲು ಕಂಡದ್ದು ಹೊಳಪು. ದೂರದಿಂದ ತೆಗೆದ ಫೋಟೊದಲ್ಲಿ ಬಟ್ಟೆಯ ಮೇಲೆ ಅಲೆಅಲೆಯ ಗೆರೆಗಳು ಕಂಡರೆ ಅದಕ್ಕಾಗಿ ಅಂಗಿಯನ್ನು ದೂರಬೇಡಿ: ಸಣ್ಣ ಹೆಣಿಗೆಯನ್ನು ಹಿಡಿಯಲಾರದೆ ಕ್ಯಾಮೆರಾ ಮಾಡುವ ಮೋಸ ಅದು. ಹತ್ತಿರದಿಂದ ತೆಗೆದರೆ ಮಾಯವಾಗುತ್ತದೆ.

ಲೇಬಲ್ ವಿಷಯದಲ್ಲಿ ವಾಟ್ಸ್ಆ್ಯಪ್ ಫೋಟೊವನ್ನು ನಂಬುವಂತಿಲ್ಲ. ಕುಗ್ಗಿಸಿದ ಚಿತ್ರದಲ್ಲಿ ಒಳ್ಳೆಯ ಮುದ್ರಣವೂ ಮಸುಕಾಗುತ್ತದೆ, ಆದ್ದರಿಂದ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ನಮ್ಮ ನಕಲಿಯಲ್ಲಿ ಸಣ್ಣ ಅಕ್ಷರಗಳ ಹೊಟ್ಟೆಯೊಳಗೆ ಶಾಯಿ ತುಂಬಿಕೊಂಡಿದೆ. ಒಳಗಿನ ಪುಟ್ಟ ಲೇಬಲ್‌ನ ಉತ್ಪನ್ನ ಸಂಖ್ಯೆಯನ್ನು ಇಂಟರ್‌ನೆಟ್‌ನಲ್ಲಿ ಹುಡುಕಿ. ಬೇರೆ ಅಂಗಿ ಬಂದರೆ ವ್ಯವಹಾರ ಅಲ್ಲಿಗೆ ಮುಗಿಯಿತು. ಸರಿಯಾದ ಅಂಗಿಯೇ ಬಂದರೆ ಅರ್ಧ ನೆಮ್ಮದಿ ಮಾತ್ರ, ಏಕೆಂದರೆ ಸಂಖ್ಯೆಯನ್ನೂ ನಕಲು ಮಾಡುತ್ತಾರೆ.

ಹಾಗಾಗಿ ನಾನು ನೋಡುವುದು ಲಾಂಛನ, ಬಟ್ಟೆ, ಲೇಬಲ್ ಮೂರೂ ಒಂದೇ ಮಾತು ಹೇಳುತ್ತವೆಯೇ ಎಂದು. ಅಡಿಡಾಸ್‌ನ ಈ ಅಥೆಂಟಿಕ್ ಮೇಲೆ 'ಹೀಟ್ ರೆಡಿ' ಎಂದಿರುತ್ತದೆ, ರೆಪ್ಲಿಕಾ ಮೇಲೆ 'ಏರೋರೆಡಿ'. ಮೊನ್ನೆ ಚರ್ಚ್ ಸ್ಟ್ರೀಟ್‌ನಲ್ಲಿ ಭೇಟಿಯಾಗಿ ಅಂಗಿ ಕೊಡುತ್ತೇನೆಂದ ಒಬ್ಬರ ಫೋಟೊದಲ್ಲಿ 'ಹೀಟ್ ರೆಡಿ' ಎಂದು ಅಚ್ಚಾಗಿತ್ತು, ಲಾಂಛನಕ್ಕೆ ಮಾತ್ರ ಸುತ್ತಲೂ ಅಂದವಾದ ಹೊಲಿಗೆ. ಹೊಲಿಗೆ ಎಷ್ಟೇ ಚೆನ್ನಾಗಿರಲಿ, ಅದು ಆ ಅಂಗಿಯ ಮೇಲೆ ಇರಬೇಕಾದುದಲ್ಲ. ಬೇಡವೆಂದೆ.

ಕೊಳ್ಳುವುದಾದರೆ ನನ್ನ ಮತ ರೆಪ್ಲಿಕಾಗೆ. ಅಂಟಿಸಿದ ಲಾಂಛನ ಬಿಸಿ ನೀರು, ಇಸ್ತ್ರಿ ಎರಡನ್ನೂ ತಾಳದು. ಬಳಸಿದ ಅಥೆಂಟಿಕ್‌ನಲ್ಲಿ ಅದರ ಅಂಚು ಎದ್ದಿದೆಯೇ ಎಂದು ಓರೆ ಬೆಳಕಿನ ಫೋಟೊದಲ್ಲಿ ನೋಡಿಕೊಳ್ಳಿ.