ಸಹಿ ಮಾತ್ರ ಇರುವ ಹಾಳೆಗೆ ಸಹಿ ಹಾಕಬೇಡಿ

ದಾವಣಗೆರೆಯಲ್ಲಿ ಅಂಗಡಿ, ಗೋಡೌನ್ ಬಾಡಿಗೆಗೆ ಹಿಡಿಯುವವರು ಇದನ್ನು ಓದಿಕೊಂಡೇ ಸಹಿ ಹಾಕಿ. ನಮ್ಮ ಭಾವ ಮಂಡಕ್ಕಿ ಹೋಲ್‌ಸೇಲ್ ವ್ಯಾಪಾರದವರು. ಹೋದ ವರ್ಷ ಒಂದು ಗೋಡೌನ್ ಹಿಡಿದರು. 2 ಲಕ್ಷ ಅಡ್ವಾನ್ಸ್, 11 ತಿಂಗಳ ಕರಾರು. ಬಿಡುವುದಾದರೆ ಒಂದು ತಿಂಗಳು ಮುಂಚೆ ತಿಳಿಸಬೇಕು ಅಂತ ಮಾತಾಗಿತ್ತು, ಕರಾರಿನಲ್ಲೂ ಹಾಗೇ ಬರೆದಿತ್ತು. ಜಾಗ ಸಾಲದೆ ಏಳನೇ ತಿಂಗಳಿಗೆ ನೋಟಿಸ್ ಕೊಟ್ಟರೆ ಮಾಲೀಕರು ತಮ್ಮ ಹತ್ತಿರವಿದ್ದ ಅಸಲು ಪ್ರತಿ ತೆಗೆದು ಮುಂದಿಟ್ಟರು: "ಮೂರು ತಿಂಗಳ ನೋಟಿಸ್ ಅಂತಿದೆಯಲ್ಲ. ಅವಧಿಗೆ ಮುಂಚೆ ಬಿಟ್ಟರೆ ಅಡ್ವಾನ್ಸ್‌ನಲ್ಲಿ ಅರ್ಧ ಮುರ್ಕೋತೀವಿ. ನೀವೇ ಸಹಿ ಹಾಕಿದೀರಿ, ನೋಡ್ರಿ."

ಸಹಿ ಭಾವನದೇ. ಆದರೆ ಅದು ಇದ್ದದ್ದು ನಾಲ್ಕನೇ ಹಾಳೆಯಲ್ಲಿ. ಆ ಹಾಳೆಯಲ್ಲಿ ಮಾಲೀಕರ ಸಹಿ, ಬಾಡಿಗೆದಾರರ ಸಹಿ, ಇಬ್ಬರು ಸಾಕ್ಷಿಗಳ ಹೆಸರು ಬಿಟ್ಟರೆ ಬೇರೇನೂ ಇಲ್ಲ. ಕರಾರಿನ ಒಂದು ಸಾಲೂ ಇಲ್ಲ, ಪುಟದ ನಂಬರೂ ಇಲ್ಲ. ಷರತ್ತುಗಳೆಲ್ಲ ಮೂರನೇ ಹಾಳೆಯ ಕೊನೆಗೇ ಮುಗಿದಿದ್ದವು, ಅಲ್ಲಿ ಯಾರ ಸಹಿಯೂ ಇರಲಿಲ್ಲ. ಅಂಥ ನಾಲ್ಕನೇ ಹಾಳೆಯನ್ನು ಯಾವ ಕರಾರಿನ ಹಿಂದೆ ಬೇಕಾದರೂ ಪಿನ್ ಹೊಡೆಯಬಹುದು.

ನಾನು ಡಿಟಿಪಿ ಕೆಲಸದವನು, ನನ್ನ ಕಣ್ಣು ಮೊದಲು ಹೋಗಿದ್ದು ಪಿನ್ನಿನ ಮೂಲೆಗೆ. ಒಂದು, ಎರಡು, ನಾಲ್ಕನೇ ಹಾಳೆಗಳಲ್ಲಿ ಈಗಿನ ಪಿನ್ನಿನ ತೂತಿನ ಪಕ್ಕ ಹಳೇ ತೂತಿನ ಇನ್ನೊಂದು ಜೋಡಿ ಇತ್ತು. ಮೂರನೇ ಹಾಳೆಯಲ್ಲಿ ಒಂದೇ ಜೋಡಿ. ಕಾಗದವೂ ಒಂದು ಮೆಟ್ಟು ಬಿಳಿ. ಬದಲಾಯಿಸಿದ್ದು ಯಾರು ಅಂತ ನಾನು ಹೇಳಲಾರೆ, ಹಾಳೆ ಬದಲಾಗಿದ್ದಂತೂ ಖರೆ.

ಸಹಿಯ ಭಾಗ ಒಂಟಿಯಾಗಿ ಆಚೆ ಹೋಗಲು ಪ್ರತಿ ಸಲವೂ ಮೋಸವೇ ಕಾರಣವಾಗಬೇಕಿಲ್ಲ. ಇಲ್ಲಿ ಕರಾರಿನ ಹಳೇ ಫೈಲ್ ಲೀಗಲ್ ಸೈಜಿನದು, ಅಂದರೆ 14 ಇಂಚು ಉದ್ದದ ಹಾಳೆಗೆ ಕೂರಿಸಿದ್ದು. ಟೈಪ್ ಮಾಡಿದವನು ಅದನ್ನೇ ಎ4ಗೆ ಬದಲಿಸಿ ಪ್ರಿಂಟ್ ಕೊಟ್ಟ. ಎ4 ಉದ್ದ 11.7 ಇಂಚು. ಕಡಿಮೆಯಾದ ಆ ಎರಡು ಚಿಲ್ಲರೆ ಇಂಚು ಒಂದೊಂದು ಪುಟದಲ್ಲೂ ಸಾಲುಗಳನ್ನು ಕೆಳಗೆ ತಳ್ಳುತ್ತಾ ಹೋಗಿ, ಕೊನೆಗೆ ಸಹಿಯ ಜಾಗ ಹೊಸ ಹಾಳೆಗೆ ಬಿದ್ದಿದೆ. ನುಡಿ ಫಾಂಟ್‌ನ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೂ ಸಾಲುಗಳ ಲೆಕ್ಕ ಹೀಗೇ ತಪ್ಪುತ್ತದೆ.

ವರ್ಡ್‌ನಲ್ಲಿ ಇದಕ್ಕೆ ಮದ್ದಿದೆ, ನಮ್ಮ ಕಸುಬಿನವರೇ ಬಳಸುವುದಿಲ್ಲ. ಕೊನೆಯ ಷರತ್ತಿನಿಂದ ಹಿಡಿದು ಸಾಕ್ಷಿಗಳ ಕೊನೆಯ ಸಾಲಿನ ಹಿಂದಿನ ಸಾಲಿನವರೆಗೆ ಸೆಲೆಕ್ಟ್ ಮಾಡಿ, Paragraph ಕಿಟಕಿಯ Line and Page Breaks ಒಳಗೆ Keep with next ಟಿಕ್ ಮಾಡಬೇಕು. ಆಮೇಲೆ ಜಾಗ ಸಾಲದಿದ್ದರೆ ಸಹಿ ಒಂದೇ ಹೋಗುವುದಿಲ್ಲ, ಷರತ್ತಿನ ಕೊನೆಯ ಸಾಲುಗಳನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ. ಸಹಿಗೆ ಜಾಗ ಬಿಡಲು ನಾವು ಹೊಡೆಯುವ ಖಾಲಿ ಎಂಟರ್‌ಗಳಿಗೂ ಟಿಕ್ ಬಿದ್ದಿರಬೇಕು. ನಡುವೆ ಒಂದು ಎಂಟರ್ ತಪ್ಪಿಹೋದರೂ ಸರಪಳಿ ಅಲ್ಲೇ ಕಡಿದು, ಪುಟ ಅಲ್ಲಿಯೇ ಒಡೆಯಬಹುದು. ಸಹಿಯ ಭಾಗ ಟೇಬಲ್‌ನಲ್ಲಿದ್ದರೆ Allow row to break across pages ಟಿಕ್ ತೆಗೆಯಿರಿ. ಎಲ್ಲ ಆದ ಮೇಲೆ ಪಿಡಿಎಫ್ ಮಾಡಿ, ಅದರಿಂದಲೇ ಪ್ರಿಂಟ್ ತೆಗೆಯಿರಿ. ಬೇರೆ ಅಂಗಡಿಗೆ ಒಯ್ದರೂ ಸಾಲು ಅಲ್ಲಾಡುವುದಿಲ್ಲ.

ಸಹಿ ಹಾಕುವವರಿಗೆ ಇಷ್ಟೆಲ್ಲ ಬೇಡ. ಕೊನೇ ಹಾಳೆಯಲ್ಲಿ ಸಹಿಯ ಮೇಲೆ ಕರಾರಿನ ಸಾಲುಗಳಿವೆಯಾ ನೋಡಿ, ಇಲ್ಲದಿದ್ದರೆ ಇನ್ನೊಂದು ಪ್ರಿಂಟ್ ಕೇಳಿ. ಹತ್ತು ರೂಪಾಯಿ ಖರ್ಚು ಅಷ್ಟೇ. "ಎಲ್ಲಾ ಹಂಗೇ ಬರೋದು ಸಾರ್" ಅಂತಾರೆ, ಕೇಳಬೇಡಿ. ಸಾಲುಗಳಿದ್ದರೂ ಪ್ರತಿ ಹಾಳೆಯ ಅಡಿಯಲ್ಲಿ ಇಬ್ಬರೂ ಸಹಿ ಹಾಕಿ, "ಒಟ್ಟು 4ರಲ್ಲಿ 3ನೇ ಪುಟ" ಅಂತ ನಂಬರ್ ಇರಲಿ. ಕೊನೇ ಹಾಳೆ ಎಷ್ಟು ಗಟ್ಟಿಯಿದ್ದರೂ ಸಹಿಯಿಲ್ಲದ ನಡುವಿನ ಹಾಳೆ ಬದಲಾಗಬಹುದು. ನೋಟರಿ ಸೀಲ್ ಇದೆ ಅಂತ ಸುಮ್ಮನಾಗಬೇಡಿ, ಭಾವನ ಕರಾರಿಗೂ ಸೀಲಿತ್ತು, ಆದರೆ ಮೊದಲನೇ ಮತ್ತು ಕೊನೇ ಹಾಳೆಗೆ ಮಾತ್ರ.

ಭಾವ ಬಚಾವಾಗಿದ್ದು ಜಿಎಸ್‌ಟಿಯಿಂದ. ಗೋಡೌನನ್ನು ತಮ್ಮ ನೋಂದಣಿಗೆ ಸೇರಿಸುವಾಗ ಆಡಿಟರ್ ಕರಾರಿನ ನಾಲ್ಕೂ ಹಾಳೆ ಸ್ಕ್ಯಾನ್ ಮಾಡಿ ಪೋರ್ಟಲ್‌ಗೆ ಹಾಕಿದ್ದರು. ಅದರ ಮೂರನೇ ಪುಟದಲ್ಲಿ ಒಂದು ತಿಂಗಳು ಅಂತಲೇ ಇತ್ತು. ವಕೀಲರು ಅದನ್ನು ಲಗತ್ತಿಸಿ ನೋಟಿಸ್ ಕಳಿಸಿದ ಮೇಲೆ ಮಾಲೀಕರು ಮಾತುಕತೆಗೆ ಬಂದರು. ಪೇಂಟಿಂಗ್ ಖರ್ಚು ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡು ಉಳಿದದ್ದು ಕೊಟ್ಟಿದ್ದಾರೆ. ಪೇಂಟಿಂಗ್ ಮಾತು ಯಾವ ಹಾಳೆಯಲ್ಲೂ ಇರಲಿಲ್ಲ, ಆದರೆ ಕೋರ್ಟಿಗೆ ಅಲೆಯುವುದು ಬೇಡ ಅಂತ ಭಾವನೇ ಬಿಟ್ಟುಬಿಟ್ಟರು.