14 ಮಹಡಿ 14 ಆಗಿಯೇ ಉಳಿಯಬೇಕಾದರೆ: ನಾಲ್ಕು ದಾರಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದ್ದು

ಕಟ್ಟಡ ಸರಳವಾಗಿತ್ತು. 14 ಮಹಡಿ, ಮುಂಭಾಗದಲ್ಲಿ ಪ್ರತಿ ಮಹಡಿಗೆ 6 ಬಾಲ್ಕನಿ, ಒಟ್ಟು 84. 3ಡಿ ಮಾಡೆಲ್ ಸಿದ್ಧವಿತ್ತು. ಬೆಳಕು, ಮರಗಿಡ, ಗೋಡೆಯ ಮೈ ಇಷ್ಟನ್ನು ಮಾತ್ರ ಇಮೇಜ್ ಜನರೇಟರ್‌ನಿಂದ ಮಾಡಿಸಬೇಕಿತ್ತು. ಮೊದಲ ಚಿತ್ರ ನೋಡಲು ಚೆನ್ನಾಗಿಯೇ ಬಂತು. ಎಣಿಸಿ ನೋಡಿದರೆ ಎಡ ಅಂಚಿನಲ್ಲಿ 14 ಮಹಡಿ, ಬಲ ಅಂಚಿನಲ್ಲಿ 13! ಹಿಗ್ಗಿಸಿ ನೋಡಿದಾಗ ಗೊತ್ತಾಯಿತು: ನಾಲ್ಕನೇ ಬಾಲ್ಕನಿಯ ಹತ್ತಿರ 9 ಮತ್ತು 10ನೇ ಮಹಡಿಯ ಸ್ಲ್ಯಾಬ್ ಗೆರೆಗಳು ಮೆಲ್ಲಗೆ ಹತ್ತಿರವಾಗಿ ಒಂದೇ ಗೆರೆಯಾಗಿಬಿಟ್ಟಿದ್ದವು. ಕಟ್ಟಡ ಕೊಳ್ಳುವವರಿಗೆ ತೋರಿಸುವ ಚಿತ್ರದಲ್ಲಿ ಒಂದು ಮಹಡಿಯೇ ಕಾಣೆಯಾದರೆ ಅದು ಸಣ್ಣ ತಪ್ಪಲ್ಲ.

ಹಾಗಾಗಿ ಚಿತ್ರ ಬಿಡಿಸುವ ಎಸ್‌ಡಿಎಕ್ಸ್‌ಎಲ್ ಎಂಬ ಎಐ ಮಾಡೆಲ್ ಒಂದನ್ನೇ ಇಟ್ಟುಕೊಂಡು, 832×1216 ಅಳತೆಯಲ್ಲಿ, ಅದೇ ಸೀಡ್‌ಗಳಲ್ಲಿ, ಅಂದರೆ ಅದೇ ಆರಂಭದ ಅಂಕಿಗಳಲ್ಲಿ, ನಾಲ್ಕು ದಾರಿಗಳನ್ನು ಹೋಲಿಸಿ ನೋಡಿದೆ.

ಮೊದಲನೆಯದು ಬರೀ ಪ್ರಾಂಪ್ಟ್. ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಂಕಿಯಲ್ಲಿ ಬರೆದೆ, ಅಕ್ಷರದಲ್ಲಿ ಬರೆದೆ, ಎರಡು ಸಲ ಬರೆದೆ. ಒಮ್ಮೆ 11 ಬಂತು, ಒಮ್ಮೆ 17. ಮಾಡೆಲ್‌ಗೆ 14 ಅಂದರೆ ‘ಸುಮಾರು ಎತ್ತರದ ಕಟ್ಟಡ’ ಅಷ್ಟೇ. ಅದು ಎಣಿಸುತ್ತಾ ಬಿಡಿಸುವುದಿಲ್ಲ.

ಎರಡನೆಯದು, 3ಡಿ ಮಾಡೆಲ್‌ನ ಸಾದಾ ರೆಂಡರ್ ಕೊಟ್ಟು ಅದರ ಮೇಲೆ ಬಿಡಿಸುವುದು, ಅಂದರೆ ಇಮೇಜ್-ಟು-ಇಮೇಜ್. ಇಲ್ಲಿ ಎಲ್ಲವೂ, ಕೊಟ್ಟ ಚಿತ್ರವನ್ನು ಎಷ್ಟು ಬದಲಾಯಿಸಬಹುದು ಅಂತ ಹೇಳುವ `Denoising strength` ಮೇಲೆ ನಿಂತಿದೆ. 0.35ರಲ್ಲಿ ಮಹಡಿಗಳು ಒಂದೂ ತಪ್ಪಲಿಲ್ಲ, ಆದರೆ ಚಿತ್ರವೂ ಬದಲಾಗಲಿಲ್ಲ. ಅದೇ ಪ್ಲಾಸ್ಟಿಕ್ ಗೋಡೆ, ಅದೇ ಸತ್ತ ಬೆಳಕು. 0.6ಕ್ಕೆ ಏರಿಸಿದರೆ ಗೋಡೆಗೆ ಜೀವ ಬರುತ್ತದೆ, ಮಹಡಿ ಕೈಬಿಟ್ಟು ಹೋಗುತ್ತದೆ. ನಡುವೆ ಎಲ್ಲಾದರೂ ಒಳ್ಳೆಯ ಜಾಗ ಸಿಗಬಹುದು ಅಂತ ತುಂಬಾ ಹುಡುಕಿದೆ. ನನ್ನ ಕಟ್ಟಡಕ್ಕೆ ಸಿಗಲಿಲ್ಲ.

ಯಾಕೆ ಹೀಗೆ ಅಂತ ಲೆಕ್ಕ ಹಾಕಿದಾಗಲೇ ವಿಷಯ ಬಿಚ್ಚಿಕೊಂಡಿತು. ಚಿತ್ರದಲ್ಲಿ ಕಟ್ಟಡದ ಎತ್ತರ 840 ಪಿಕ್ಸೆಲ್. ಅಂದರೆ ಮಹಡಿಗೆ 60. ಆದರೆ ಮಾಡೆಲ್ ಕೆಲಸ ಮಾಡುವುದು ಈ ಪಿಕ್ಸೆಲ್‌ಗಳ ಮೇಲಲ್ಲ, ಎರಡೂ ದಿಕ್ಕಿನಲ್ಲಿ 8 ಪಟ್ಟು ಕುಗ್ಗಿಸಿದ ಒಳಚಿತ್ರದ ಮೇಲೆ. ಅಲ್ಲಿ ಒಂದು ಮಹಡಿಗೆ ಸಿಗುವುದು ಏಳೂವರೆ ಚೌಕ ಮಾತ್ರ. 3 ಮೀಟರ್ ಮಹಡಿಯಲ್ಲಿ 15 ಸೆಂಟಿಮೀಟರ್ ಸ್ಲ್ಯಾಬ್ ಅಂದರೆ 3 ಪಿಕ್ಸೆಲ್, ಅರ್ಧ ಚೌಕವೂ ಇಲ್ಲ. ಅದರ ಮೇಲೆ ಎಲ್ಲಾ ಮಹಡಿಗಳೂ ಒಂದೇ ತರಹ. 9ನೆಯದು ಯಾವುದು, 10ನೆಯದು ಯಾವುದು ಅಂತ ಹೇಳುವ ಗುರುತೇ ಇಲ್ಲ. ಗೆರೆಗಳು ಜಾರದೆ ಇನ್ನೇನು ಮಾಡುತ್ತವೆ, ಅಲ್ವಾ?

ಮೂರನೆಯದು ಕಂಟ್ರೋಲ್‌ನೆಟ್, ಅಂದರೆ ಇನ್ನೊಂದು ಚಿತ್ರವನ್ನು ದಾರಿಗುರುತಾಗಿ ಕೊಟ್ಟು ಆಕಾರ ಹಿಡಿಸುವುದು. ಇದರಲ್ಲೂ ಎರಡು ಕವಲು ನೋಡಿದೆ, ಡೆಪ್ತ್ ಮತ್ತು ಗೆರೆ.

ದೂರವನ್ನು ಬೂದು ಹಂತಗಳಲ್ಲಿ ತೋರಿಸುವ ಡೆಪ್ತ್ ಚಿತ್ರದಿಂದ ಕಟ್ಟಡದ ಒಟ್ಟು ಆಕಾರ ಚೆನ್ನಾಗಿ ನಿಲ್ಲುತ್ತದೆ, ಬಾಲ್ಕನಿ ನಿಲ್ಲುವುದಿಲ್ಲ. ಕಾರಣ ಸುಲಭ. 8 ಬಿಟ್ ಚಿತ್ರದಲ್ಲಿ ಇರುವುದು 256 ಬೂದು ಹಂತ. ಕ್ಯಾಮೆರಾದಿಂದ 100 ಮೀಟರ್‌ವರೆಗೆ ಅದನ್ನು ಹಂಚಿದರೆ ಒಂದೂವರೆ ಮೀಟರ್ ಆಳದ ಬಾಲ್ಕನಿಗೆ ಸಿಗುವುದು ಸುಮಾರು 4 ಹಂತ. ಕಣ್ಣಿಗೂ ಕಾಣದು. ಡೆಪ್ತ್ ವ್ಯಾಪ್ತಿಯನ್ನು ಕಟ್ಟಡದ ಸುತ್ತ 30 ಮೀಟರ್‌ಗೆ ಬಿಗಿಮಾಡಿದೆ. ಆಗ ಸುಮಾರು 13 ಹಂತ ಸಿಕ್ಕಿತು, ಬಾಲ್ಕನಿಗಳು ತಕ್ಷಣ ಮುಂದೆ ಬಂದವು. ಆದರೂ ಒಂದರ ಮೇಲೊಂದು ಇರುವ ಮಹಡಿಗಳನ್ನು ಬೇರೆಬೇರೆಯಾಗಿ ಹಿಡಿಯಲು ಅದೊಂದೇ ಸಾಲದು.

ಗೆರೆಯಲ್ಲಿ ನಾನು ಮಾಡಿದ ತಪ್ಪನ್ನು ತುಂಬಾ ಜನ ಮಾಡುತ್ತಾರೆ. ರೆಂಡರ್ ಚಿತ್ರವನ್ನೇ, ಅಂಚುಗಳನ್ನು ಗೆರೆ ಮಾಡುವ `canny` ಪ್ರಿಪ್ರೊಸೆಸರ್‌ಗೆ ಕೊಟ್ಟುಬಿಟ್ಟೆ. ಅದು ನೆರಳಿನ ಅಂಚನ್ನೂ ಗೆರೆ ಮಾಡಿತು. ಸ್ಲ್ಯಾಬ್‌ನ ಮೇಲಂಚು, ಕೆಳಂಚು, ರೇಲಿಂಗ್‌ನ ಕೈಹಿಡಿ, ಅದರ ಜೊತೆ ಗೋಡೆ ಮೇಲೆ ಬಿದ್ದ ಸ್ಲ್ಯಾಬ್‌ನ ನೆರಳು. ಒಂದು ಕಡೆ ಆ ನೆರಳಿನ ಗೆರೆಯನ್ನೇ ಮಾಡೆಲ್ ಇನ್ನೊಂದು ಸ್ಲ್ಯಾಬ್ ಅಂದುಕೊಂಡಿತು. 15ನೇ ಮಹಡಿ ಹುಟ್ಟಿದ್ದು ಹೀಗೆ. ರೇಲಿಂಗ್‌ನ ಕಂಬಿಗಳಂತೂ ಒತ್ತೊತ್ತಾಗಿ ಸೇರಿ ಬರೀ ಜಾಳಿಗೆಯಾಗಿದ್ದವು.

ಸರಿಹೋಗಿದ್ದು ಗೆರೆಗಳನ್ನು ನೇರ 3ಡಿ ಮಾಡೆಲ್‌ನಿಂದಲೇ ತೆಗೆದಾಗ. ನೆರಳು ಆಫ್, ಟೆಕ್ಸ್ಚರ್ ಆಫ್, ರೇಲಿಂಗ್ ಕಂಬಿಗಳ ಲೇಯರ್ ಆಫ್. ಪ್ರತಿ ಮಹಡಿಗೆ ಎರಡೇ ಅಡ್ಡಗೆರೆ: ಸ್ಲ್ಯಾಬ್‌ಗೆ ಒಂದು ದಪ್ಪ ಗೆರೆ, ಕೈಹಿಡಿಗೆ ಒಂದು ತೆಳು ಗೆರೆ. ಜೊತೆಗೆ ಬಾಲ್ಕನಿಗಳ ನಡುವಿನ ಲಂಬ ಗೆರೆಗಳು. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಗೆರೆ ಇಟ್ಟು ಪ್ರಿಪ್ರೊಸೆಸರ್ `none` ಮಾಡಿದೆ. `Control Weight` 0.9, `Ending Control Step` 0.85. ಅರ್ಧದಲ್ಲೇ ಬಿಟ್ಟರೆ, ಅಂದರೆ 0.5ರಲ್ಲಿ, ಕೊನೆಯ ಹಂತಗಳಲ್ಲಿ ಗೆರೆಗಳು ಮತ್ತೆ ಜಾರುತ್ತಿದ್ದವು. ಪೂರ್ತಿ 1ರವರೆಗೆ ಹಿಡಿದರೆ ಗೋಡೆ ಮರದ ಹಲಗೆಯ ಹಾಗೆ ಬಿಗಿಯಾಗುತ್ತದೆ. ಗೆರೆಯ ಜೊತೆ ಬಿಗಿಮಾಡಿದ ಡೆಪ್ತ್ ಅನ್ನು 0.4 ತೂಕದಲ್ಲಿ ಸೇರಿಸಿ, ಕೆಳಗೆ ಸಾದಾ ರೆಂಡರ್ ಇಟ್ಟು, `Denoising strength` 0.55 ಕೊಟ್ಟೆ. ಒಂಟಿಯಾಗಿ ಸೋತ ಎರಡನೇ ದಾರಿ ಇಲ್ಲಿ ಜೊತೆಗಾರನಾಗಿ ಗೆದ್ದಿತು. 14 ಮಹಡಿ, ಎರಡೂ ಅಂಚಿನಲ್ಲಿ.

ಆದರೆ ರೇಲಿಂಗ್ ಇನ್ನೂ ಮಸುಕು. ಅದಕ್ಕೇ ನಾಲ್ಕನೆಯದು: ಪಟ್ಟಿಪಟ್ಟಿಯಾಗಿ ಮತ್ತೆ ಬಿಡಿಸುವುದು. ಚಿತ್ರವನ್ನು ಎರಡು ಪಟ್ಟು ಹಿಗ್ಗಿಸಿ, 1–6, 5–10, 9–14 ಅಂತ ಮಹಡಿಗಳನ್ನು ಮೂರು ಪಟ್ಟಿ ಮಾಡಿದೆ. ಪಕ್ಕದ ಪಟ್ಟಿಗಳಿಗೆ ಎರಡು ಮಹಡಿ ಸಮಾನ ಇರುವುದರಿಂದ ಅಂಟಿಸುವಾಗ ಗೆರೆ ಕೂಡಿಸಲು ಕಷ್ಟವಿಲ್ಲ. ಈಗ ಮಹಡಿಗೆ 120 ಪಿಕ್ಸೆಲ್, ಅಂದರೆ 15 ಚೌಕ. `Denoising strength` 0.3 ಸಾಕು. ಅದೇ ಗೆರೆಚಿತ್ರವನ್ನೂ ಅದೇ ರೀತಿ ಕತ್ತರಿಸಿ ಕೊಡಬೇಕು. ಒಂದು ಎಚ್ಚರ: ಪಟ್ಟಿಯ ಪ್ರಾಂಪ್ಟ್‌ನಲ್ಲಿ ‘14 ಮಹಡಿ ಕಟ್ಟಡ’ ಅಂತ ಉಳಿಸಿಕೊಂಡರೆ ಮಾಡೆಲ್ ಆ ತುಂಡಿನೊಳಗೇ ಇಡೀ ಕಟ್ಟಡ ತುರುಕಲು ನೋಡುತ್ತದೆ. ಅಲ್ಲಿ ಗಾಜು, ಕಂಬಿ, ಗೋಡೆಯ ಮೈ ಬಗ್ಗೆ ಮಾತ್ರ ಬರೆಯಿರಿ. ಈ ದಾರಿಗೆ ಸಮಯ ಜಾಸ್ತಿ ಬೇಕು, ಮೊದಲ ಸುತ್ತಿನಲ್ಲಿ ತಪ್ಪಿದ ಮಹಡಿಯನ್ನು ಇದು ವಾಪಸ್ ತರುವುದೂ ಇಲ್ಲ.

ಇನ್ನು ಎಣಿಕೆ. ಕಣ್ಣಿನಿಂದ ಮಧ್ಯದಲ್ಲಿ ಒಂದು ಸಲ ಎಣಿಸಿ ಸುಮ್ನೆ ಬಿಡಬೇಡಿ. ನಾನು ಮೊದಲ ಸುತ್ತು ಮುಗಿದ ಕೂಡಲೇ ಎಡ, ನಡು, ಬಲದಿಂದ ಇಮೇಜ್‌ಮ್ಯಾಜಿಕ್‌ನಲ್ಲಿ ಮೂರು ಸಣ್ಣ ಉದ್ದ ಪಟ್ಟಿ ಕತ್ತರಿಸಿ ಪಕ್ಕಪಕ್ಕ ಇಡುತ್ತೇನೆ:

```
magick out.png -crop 40x840+110+200 +repage a.png
magick out.png -crop 40x840+400+200 +repage b.png
magick out.png -crop 40x840+690+200 +repage c.png
magick a.png b.png c.png +append strips.png
```

ಎದುರಿನಿಂದ ನೇರ ನೋಡಿದ ಚಿತ್ರವಾದರೆ ಮೂರರಲ್ಲೂ ಸ್ಲ್ಯಾಬ್‌ಗಳು ಒಂದೇ ಸಾಲಿನಲ್ಲಿ ಬರಬೇಕು. ಎಲ್ಲಾದರೂ ಮೆಟ್ಟಿಲಾದಂತೆ ಕಂಡರೆ ಅಲ್ಲೇ ಮಹಡಿ ಕಳೆದಿದೆ ಅಂತ ಅರ್ಥ. ಬಾಲ್ಕನಿಗಳಿಗೂ ಹೀಗೆಯೇ, ಮೇಲೆ, ನಡುವೆ, ಕೆಳಗೆ ಅಡ್ಡ ಪಟ್ಟಿ.

ಈಗ ನನ್ನ ಆಯ್ಕೆ ಮೂರನೆಯದರ ಮೇಲೆ ನಾಲ್ಕನೆಯದು. ಕೆಳಗಿನಿಂದ ತಲೆಯೆತ್ತಿ ನೋಡುವ ಕೋನದಲ್ಲಿ ಮಾತ್ರ ಇದೂ ಕೆಲವೊಮ್ಮೆ ಸೋಲುತ್ತದೆ. ಅಲ್ಲಿ ಮೇಲಿನ ಮಹಡಿಗಳು 25 ಪಿಕ್ಸೆಲ್‌ಗೆ ಕುಗ್ಗಿರುತ್ತವೆ, ಗೆರೆ ಕೊಟ್ಟರೂ ಹಿಡಿಯಲು ಜಾಗವಿಲ್ಲ. ಅಂಥ ಚಿತ್ರದಲ್ಲಿ ಮೇಲಿನ ನಾಲ್ಕು ಮಹಡಿಗಳನ್ನು ನಾನು ಜನರೇಟರ್‌ಗೆ ಬಿಡುವುದಿಲ್ಲ. ಮಾಸ್ಕ್ ಹಾಕಿ 3ಡಿ ರೆಂಡರ್‌ನದ್ದನ್ನೇ ಉಳಿಸಿ, ಬಣ್ಣ ಮಾತ್ರ ಕೆಳಗಿನದಕ್ಕೆ ಹೊಂದಿಸುತ್ತೇನೆ.