ಗೇಮ್ ಕನ್ಸೋಲ್‌ಗೆ ಟಿವಿಯ ಯಾವ ಎಚ್‌ಡಿಎಂಐ ಪೋರ್ಟ್?

ರಾಯಚೂರಿನಲ್ಲಿರುವ ಅಕ್ಕನ ಮಗ ಪಿಎಸ್5 ತಂದಿದ್ದಾನೆ. ಟಿವಿ 120 ಹರ್ಟ್ಸ್‌ನದು. "ಮಾವ, ನಾಲ್ಕು ಪೋರ್ಟ್ ಇವೆ, ಯಾವುದಕ್ಕೆ ಹಾಕಲಿ?" ಎಂದು ಕೇಳಿದ. ಪೋರ್ಟ್‌ಗಳ ಪಕ್ಕದ ಬರಹ ಓದಿ ಹೇಳು ಎಂದೆ. 1 ಮತ್ತು 2ರಲ್ಲಿ `4K 60Hz`, 3ರಲ್ಲಿ `4K 120Hz eARC`, 4ರಲ್ಲಿ `4K 120Hz`.

ವೇಗ ನೋಡಿದರೆ 3 ಮತ್ತು 4 ಸಮ. 1, 2ರಲ್ಲೂ ಚಿತ್ರ ಚೆನ್ನಾಗಿಯೇ ಬರುತ್ತದೆ, ಆದರೆ 4ಕೆಯಲ್ಲಿ 60 ದಾಟುವುದಿಲ್ಲ. ಸೆಟ್‌ಟಾಪ್ ಬಾಕ್ಸ್‌ಗೆ, 60ರಲ್ಲೇ ಓಡುವ ಗೇಮ್‌ಗಳಿಗೆ ಅದು ಧಾರಾಳ ಸಾಕು.

ಸದ್ದಿನ ವಿಷಯದಲ್ಲಿ 3 ಮತ್ತು 4 ಬೇರೆ ಬೇರೆ. ಸೌಂಡ್‌ಬಾರ್‌ಗೆ ಬೇಕಾಗುವುದು, ಟಿವಿಯ ಸದ್ದನ್ನು ಹೊರಗೆ ಕಳಿಸುವ `eARC` ಇರುವ 3. ಅವನ ಮನೆಯಲ್ಲಿ ಸೌಂಡ್‌ಬಾರ್ ಇದೆ, ಹಾಗಾಗಿ ಕನ್ಸೋಲ್ 4ಕ್ಕೆ. ಸೌಂಡ್‌ಬಾರ್ ಇಲ್ಲದವರು ಎರಡರಲ್ಲಿ ಯಾವುದಕ್ಕಾದರೂ ಹಾಕಬಹುದು. ಕಷ್ಟ ಬರುವುದು 120ರ ಪೋರ್ಟ್ ಒಂದೇ ಇದ್ದು, ಅದೇ `eARC` ಆಗಿರುವ ಟಿವಿಗಳಲ್ಲಿ. ಆಗ ನಾನಾದರೆ ಅದನ್ನು ಕನ್ಸೋಲ್‌ಗೆ ಬಿಟ್ಟು, ಸೌಂಡ್‌ಬಾರ್‌ಗೆ ಆಪ್ಟಿಕಲ್ ಕೇಬಲ್ ಹಾಕುತ್ತೇನೆ. ಡಾಲ್ಬಿ ಅಟ್ಮಾಸ್ ಹೋಗುತ್ತದೆ, ಮಾಮೂಲಿ 5.1 ಉಳಿಯುತ್ತದೆ. ಗೇಮ್‌ಗಿಂತ ಸಿನಿಮಾ ಜಾಸ್ತಿ ನೋಡುವ ಮನೆಯಲ್ಲಿ ಇದನ್ನೇ ತಿರುಗಿಸಿ ಮಾಡಬೇಕು, ಅಲ್ವಾ?

4ಕ್ಕೆ ಹಾಕಿದ ಮೇಲೂ ಅವನಿಗೆ 60 ಮಾತ್ರ ಸಿಕ್ಕಿತು. ಹಳೆಯ ಕೇಬಲ್ ಬಳಸಿದ್ದ. ಪೆಟ್ಟಿಗೆಯಲ್ಲಿ ಬಂದದ್ದನ್ನೇ ಹಾಕಿಸಿದೆ. ಟಿವಿ ಸೆಟ್ಟಿಂಗ್‌ನಲ್ಲಿ ಆ ಪೋರ್ಟ್‌ನ ಸಿಗ್ನಲ್ ಸಾಮಾನ್ಯ ಮಟ್ಟದಲ್ಲಿತ್ತು, ಅದನ್ನೂ ಹೆಚ್ಚಿಸಿದ. ಆಮೇಲೆ ಕನ್ಸೋಲ್‌ನ `Video Output Information` ತೆರೆದಾಗ 4ಕೆ ಜೊತೆಗೆ 120 ಹರ್ಟ್ಸ್ ಕಾಣಿಸಿತು.